ಕೈತೋಟಕ್ಕೆ ಮನೆಮದ್ದು: ಮೊದಲ ಮೂರು ಕಂತುಗಳ ಸ್ಕ್ರಿಪ್ಟ್

ಕಂತು 1: ಸೋಪು ನೀರು

(ಮೈಸೂರಿನ ಒಂದು ಮನೆಯ ತಾರಸಿ. ಬೆಳಗಿನ ಏಳು ಗಂಟೆ. ಕ್ಯಾಮೆರಾ ಅಲಸಂದೆ ಬಳ್ಳಿಯ ಎಳೆ ಕುಡಿಯ ಮೇಲೆ.)

ನಮಸ್ಕಾರ. ಈ ಕುಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಪ್ಪು ಹೇನು ಒಂದರ ಪಕ್ಕ ಒಂದು ಕೂತು ರಸ ಹೀರುತ್ತಿವೆ. ಕೆಳಗೆ ಇರುವೆ ಸಾಲು ಕಾಣಿಸುತ್ತಿದೆ ಅಲ್ವಾ? ಹೇನು ಬಿಡುವ ಸಿಹಿ ಅಂಟನ್ನು ನೆಕ್ಕಲು ಬಂದಿವೆ. ಆ ಸಿಹಿಯ ಆಸೆಗೆ ಹೇನುಗಳನ್ನು ಕಾಯುವುದೂ ಇವೇ. ಹಾಗಾಗಿ ಗಿಡದ ಮೇಲೆ ಇರುವೆ ಹತ್ತುತ್ತಿದ್ದರೆ ಎಲೆ ತಿರುಗಿಸಿ ನೋಡಿ.

ಮೊದಲು ಏನೂ ಸಿಂಪಡಿಸಬೇಡಿ. ಪೈಪಿನ ನೀರನ್ನು ಸ್ವಲ್ಪ ಜೋರಾಗಿ ಬಿಟ್ಟು ತೊಳೆಯಿರಿ. ಅರ್ಧಕ್ಕರ್ಧ ಹೇನು ಅಲ್ಲೇ ಉದುರುತ್ತವೆ. ಉಳಿದವಕ್ಕೆ ಸೋಪು.

(ಮೇಜಿನ ಮೇಲೆ ತುರಿದ ಸೋಪು, ಒಂದು ಲೀಟರ್ ನೀರು.)

ಬಣ್ಣ, ಸುವಾಸನೆ ಇಲ್ಲದ ಸಾದಾ ಸೋಪನ್ನು ತುರಿದು 5 ಗ್ರಾಂ ತೆಗೆದುಕೊಳ್ಳಿ. ಬಿಸಿನೀರಲ್ಲಿ ಕರಗಿಸಿ, ಆರಿಸಿ, ಒಟ್ಟು ಒಂದು ಲೀಟರ್ ಮಾಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ನೊರೆ ಬರುವುದಿಲ್ಲ, ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಆ ನೀರು ಬೇಡ. ಮಳೆನೀರು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಸೋಪು ಹುಳುವಿನ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಒಣಗಿದ ಮೇಲೆ ಏನೂ ಇಲ್ಲ. ಎಲೆಯ ಅಡಿಭಾಗ, ಗೆಣ್ಣು, ಕುಡಿ ಎಲ್ಲ ನೆನೆಯಬೇಕು.

ಈಗ ಮಿತಿಗಳು. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಎಲೆ ಸುಡುತ್ತದೆ. 5 ಗ್ರಾಂ ಬದಲು 10 ಗ್ರಾಂ ಹಾಕಿದರೆ ಹೇನು ಬೇಗ ಸಾಯುತ್ತದೆ ಅನ್ನೋದು ತಪ್ಪು ಲೆಕ್ಕ, ಬೇಗ ಬಾಡುವುದು ಗಿಡ. ಮೊದಲು ಎರಡು ಎಲೆಗೆ ಹಾಕಿ ಒಂದು ದಿನ ಕಾಯಿರಿ. ಉರಿಬಿಸಿಲಲ್ಲಿ, ಬಾಡಿದ ಗಿಡಕ್ಕೆ, ಈಗಷ್ಟೇ ಮೊಳೆತ ಸಸಿಗೆ ಹಾಕಬೇಡಿ. ಎರಡು ಗಂಟೆ ಬಿಟ್ಟು ಬರೀ ನೀರಿನಿಂದ ತೊಳೆಯಿರಿ. ಆ ನೀರು ಮೀನಿನ ತೊಟ್ಟಿಗೆ, ತಾವರೆ ಕುಂಡಕ್ಕೆ ಹರಿಯದಿರಲಿ.

ಕಂತು 2: ಬೇವಿನ ಎಣ್ಣೆ

(ಸಂಜೆ ಐದೂವರೆ. ಬದನೆ ಗಿಡ. ಎಲೆ ಅಲುಗಿಸಿದಾಗ ಬಿಳಿ ನೊಣ ಮೇಲೇಳುತ್ತವೆ.)

1959ರಲ್ಲಿ ಸುಡಾನ್ ದೇಶದ ಮೇಲೆ ಮಿಡತೆ ದಂಡು ಎರಗಿತ್ತು. ಸುತ್ತಲ ಹಸಿರೆಲ್ಲ ಬೋಳಾಯಿತು, ಬೇವಿನ ಮರ ಮಾತ್ರ ಹಾಗೇ ಉಳಿಯಿತು. ಅದನ್ನು ಕಣ್ಣಾರೆ ಕಂಡ ಜರ್ಮನ್ ವಿಜ್ಞಾನಿ ಹೈನ್‌ರಿಕ್ ಶ್ಮುಟ್ಟರರ್ ಬೇವಿನ ಬೆನ್ನು ಹತ್ತಿದರು. ಹುಳುಗಳಿಗೆ ಆಗದ ಅಂಶಗಳಲ್ಲಿ ಮುಖ್ಯವಾದದ್ದು ಅಜಾಡಿರಾಕ್ಟಿನ್. ನಮ್ಮ ಅಜ್ಜಿಯರು ಅಕ್ಕಿ ಡಬ್ಬಕ್ಕೆ ಬೇವಿನ ಸೊಪ್ಪು ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ಇದು ತಕ್ಷಣ ಕೊಲ್ಲುವ ಮದ್ದಲ್ಲ. ಹುಳು ತಿನ್ನುವುದನ್ನು ಬಿಡುತ್ತದೆ, ಮರಿ ಪೊರೆ ಬಿಟ್ಟು ಬೆಳೆಯಲಾರದೆ ಸಾಯುತ್ತದೆ. ಅದಕ್ಕೆ ದಿನಗಳು ಹಿಡಿಯುತ್ತವೆ. ನಿನ್ನೆ ಹಾಕಿದೆ, ಇವತ್ತೂ ನೊಣ ಹಾರುತ್ತಿದೆ ಎಂದು ಮತ್ತೆ ಹಾಕಬೇಡಿ. ವಾರಕ್ಕೊಮ್ಮೆ, ಮೂರು ವಾರ. ಅಷ್ಟೇ.

(ಅತ್ತೆ ಬಾಟಲಿ ಹಿಡಿದು ಬರುತ್ತಾರೆ.)

ಅತ್ತೆ: ಇದೇನೇ, ಎಣ್ಣೆ ಗಟ್ಟಿಯಾಗಿ ಕೂತಿದೆ. ಕೆಟ್ಟುಹೋಯ್ತಾ?

ಇಲ್ಲ ಅತ್ತೆ, ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗಿದೆ. ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಟ್ಟುಬಿಡಿ, ಕರಗುತ್ತದೆ. ಒಲೆ ಮೇಲೆ ಮಾತ್ರ ಇಡಬೇಡಿ.

(ಬೆರೆಸುವುದನ್ನು ಹತ್ತಿರದಿಂದ ತೋರಿಸುವುದು.)

ಗಾಣದಲ್ಲಿ ಹಿಂಡಿದ ಬೇವಿನ ಎಣ್ಣೆ 5 ಎಂಎಲ್, ಅಂದರೆ ಒಂದು ಟೀ ಚಮಚ. ಮೊದಲ ಕಂತಿನ ಸಾದಾ ಸೋಪನ್ನೇ ಬಿಸಿನೀರಲ್ಲಿ ಗಟ್ಟಿಯಾಗಿ ಕರಗಿಸಿ ಅರ್ಧ ಚಮಚ ಸೇರಿಸಿ. ಎರಡನ್ನೂ ಕಾಲು ಲೋಟ ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕಲಕಿ. ಹಾಲಿನ ಬಣ್ಣ ಬಂತಲ್ಲ, ಈಗ ಉಳಿದ ನೀರು ಸೇರಿಸಿ ಒಂದು ಲೀಟರ್ ಮಾಡಿ. ನೇರವಾಗಿ ನೀರಿಗೆ ಎಣ್ಣೆ ಸುರಿದರೆ ಮೇಲೆ ತೇಲುತ್ತದೆ. ಕೊನೆಯ ಗಿಡದ ಮೇಲೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಸಿಂಪಡಿಸುವಾಗಲೂ ಮಧ್ಯೆ ಮಧ್ಯೆ ಕುಲುಕಿ.

ಅತ್ತೆ: ಉಳಿದದ್ದನ್ನ ನಾಳೆಗೆ ಇಟ್ಕೊಳ್ಳೋಣ ಬಿಡು.

ಬೇಡ ಅತ್ತೆ. ನೀರಿಗೆ ಬೆರೆತ ಮೇಲೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಬೇಕಾದಷ್ಟೇ ಮಾಡಿ, ಆ ದಿನವೇ ಮುಗಿಸೋದು. ಬಿಸಿಲಿಗೂ ಅದು ನಿಲ್ಲುವುದಿಲ್ಲ. ಸಂಜೆ ಹೊತ್ತು ಆರಿಸಿಕೊಂಡಿರುವುದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣ ಜೇನು. ಅವು ಗೂಡಿಗೆ ಹೋದ ಮೇಲೆ ಸಿಂಪಡಿಸಿ, ಅರಳಿದ ಹೂವಿಗೆ ತಾಗಿಸಬೇಡಿ.

(ಕ್ಯಾಮೆರಾ ಪಕ್ಕದ ಎಲೆಗೆ. ಗುಲಗಂಜಿ ಹುಳು.)

ಕೆಂಪು ಮೈ, ಕಪ್ಪು ಚುಕ್ಕಿ. ಇದು ಹೇನು ತಿನ್ನುವ ಗೆಳೆಯ. ಇದರ ಮರಿ ಕಪ್ಪಗೆ, ಉದ್ದಕ್ಕೆ, ಮುಳ್ಳು ಮುಳ್ಳಾಗಿರುತ್ತದೆ. ನೋಡಿ ಹೆದರಿ ಎಷ್ಟೋ ಜನ ಹೊಸಕಿ ಹಾಕುತ್ತಾರೆ. ಈ ಮರಿಗಳು ಓಡಾಡುತ್ತಿರುವ ಗಿಡಕ್ಕೆ ನಾಲ್ಕು ದಿನ ಏನೂ ಹಾಕದೆ ಬಿಡಿ. ನಿಮ್ಮ ಕೆಲಸ ಅವೇ ಮಾಡಬಹುದು.

ಮಿತಿ: ಮಕ್ಕಳ ಕೈಗೆ ಬೇವಿನ ಎಣ್ಣೆ ಸಿಗಲೇಬಾರದು. ಪುಟ್ಟ ಮಕ್ಕಳ ಹೊಟ್ಟೆಗೆ ಹೋದರೆ ಸ್ವಲ್ಪವೂ ಅಪಾಯ, ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗದೆ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಅಡುಗೆ ಎಣ್ಣೆಯ ಪಕ್ಕ ಇಡಬೇಡಿ, ಹಳೇ ನೀರಿನ ಬಾಟಲಿಗೆ ತುಂಬಬೇಡಿ, ಹೆಸರು ಬರೆದು ಅಂಟಿಸಿ. ಗರ್ಭಿಣಿಯರು ಈ ಕೆಲಸ ಬೇರೆಯವರಿಗೆ ಬಿಡಿ. ಸಿಂಪಡಿಸಿದ ಮೇಲೆ ಬದನೆ, ಟೊಮೇಟೊ ಕೀಳಲು ಮೂರು ದಿನ ಬಿಡಿ. ಸೊಪ್ಪಿಗೆ ಒಂದು ವಾರ, ಇಲ್ಲದಿದ್ದರೆ ಸಾರು ಕಹಿ. ಏನೇ ಕಿತ್ತರೂ ತೊಳೆದೇ ಅಡುಗೆಗೆ.

ಕಂತು 3: ಬೆಳ್ಳುಳ್ಳಿ ಮೆಣಸಿನಕಾಯಿ ನೀರು

(ಬೆಳಗ್ಗೆ. ತೂತು ಬಿದ್ದ ಮೂಲಂಗಿ ಸೊಪ್ಪು.)

ಇದು ಎಲೆ ತಿನ್ನುವ ಹುಳುಗಳನ್ನು ದೂರ ಇಡಲು. ಕಾಯಿ ಒಳಗೆ ಸೇರಿದ ಹುಳುವಿಗೆ ಇದರಿಂದ ಏನೂ ಆಗದು. ಅಂಥ ಕಾಯಿಯನ್ನು ಕಿತ್ತು, ಸೋಪು ನೀರಿನ ಬಕೆಟ್ಟಿಗೆ ಹಾಕುವುದೇ ಸರಿ.

ಒಂದು ಗಡ್ಡೆ ಬೆಳ್ಳುಳ್ಳಿ, ಐದು ಖಾರದ ಹಸಿಮೆಣಸಿನಕಾಯಿ. ರುಬ್ಬಿ, ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ಮುಚ್ಚಿಡಿ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ಲದಿದ್ದರೆ ಸ್ಪ್ರೇ ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಇನ್ನೆರಡು ಲೀಟರ್ ನೀರು. ಇದಕ್ಕೂ ಮೊದಲು ಎರಡು ಎಲೆಯ ಪರೀಕ್ಷೆ.

ಮೂರೂ ಕಂತುಗಳಲ್ಲಿ ಮೈಗೆ ಹೆಚ್ಚು ತೊಂದರೆ ಕೊಡುವುದು ಇದೇ. ಅಡುಗೆಮನೆಯಲ್ಲಿ ಕುದಿಸಬೇಡಿ, ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಆಸ್ತಮಾ ಇರುವವರು ಹತ್ತಿರ ಬರಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಗಾಳಿ ಬೀಸುತ್ತಿದ್ದರೆ ಅವತ್ತು ಬಿಡಿ. ಬಾಲ್ಕನಿಯಾದರೆ ಕೆಳಗಿನ ಮನೆಯವರ ಕಿಟಕಿ, ಒಣಗಿಸಿದ ಬಟ್ಟೆ ನೋಡಿಕೊಳ್ಳಿ.

ಕೈ ಉರಿದರೆ ನೀರೊಂದೇ ಸಾಲದು. ಖಾರ ಎಣ್ಣೆಯಲ್ಲಿ ಕರಗುತ್ತದೆ. ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಎಣ್ಣೆ ಬೇಡ. ನಲ್ಲಿ ನೀರಲ್ಲಿ 15 ನಿಮಿಷ ತೊಳೆದು, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ನಾಯಿ, ಬೆಕ್ಕಿಗೆ ಬೆಳ್ಳುಳ್ಳಿ ವಿಷ, ಸೋಸಿದ ಚರಟವನ್ನು ಅವುಗಳಿಗೆ ಎಟುಕುವ ಕಡೆ ಹಾಕಬೇಡಿ.

ಅತ್ತೆ: ಇದಕ್ಕೇ ಒಂದು ಹಿಡಿ ಹೊಗೆಸೊಪ್ಪು ಹಾಕಿದ್ರೆ? ನಮ್ಮೂರಲ್ಲಿ ಹಾಕ್ತಿದ್ರು.

ಹಾಕ್ತಿದ್ರು ನಿಜ, ಆದರೆ ಬೇಡ ಅತ್ತೆ. ಹೊಗೆಸೊಪ್ಪಿನ ನಿಕೋಟಿನ್ ಬರೀ ಚರ್ಮದಿಂದಲೇ ಮೈಯೊಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಜಾಸ್ತಿಯಾದರೆ ಪ್ರಾಣಕ್ಕೇ ಕುತ್ತು. ಟೊಮೇಟೊ, ಮೆಣಸಿನ ಗಿಡಕ್ಕೆ ಅದರಿಂದ ಮೊಸಾಯಿಕ್ ವೈರಸ್ ಕೂಡ ಅಂಟಬಹುದು. ನಾವು ತಿನ್ನೋ ಗಿಡ ಇದು.

(ಅತ್ತೆ ತಲೆದೂಗಿ ಸೋಸುವ ಬಟ್ಟೆ ಹಿಂಡುತ್ತಾರೆ, ಗ್ಲೌಸ್ ಹಾಕಿಕೊಂಡು.)

ಮುಂದಿನ ಕಂತು ಸೋರೆ, ಕುಂಬಳದ ಎಲೆಗೆ ಬರುವ ಬೂದಿ ರೋಗಕ್ಕೆ. ಅರ್ಧ ಲೋಟ ಹಾಲು ಎತ್ತಿಡಿ.