ಅತ್ತೆ, ನೀವು ಕಳಿಸಿದ ಮೆನು ಕನ್ನಡದಲ್ಲಿ

ಅತ್ತೆ, ಫೋಟೋ ಸಿಕ್ತು. ಚಿಕ್ಕಮಗಳೂರಲ್ಲಿ ಮಳೆ ಜೋರಾ? ಹೆಚ್ಚಿನವು ಇಟಲಿ ಅಡುಗೆ. ಆರ್ಡರ್ ಕೊಡುವ ಮೊದಲು ಇದನ್ನು ಮಾವನಿಗೂ ಓದಿ ಹೇಳಿ.

ಮಿನೆಸ್ಟ್ರೋನೆ: ತರಕಾರಿ, ಕಾಳು, ಚೂರು ಪಾಸ್ತಾ ಹಾಕಿದ ಗಟ್ಟಿ ಸೂಪ್. ಈ ಚಳಿಗೆ ಚೆನ್ನಾಗಿರುತ್ತೆ.

ಬ್ರುಸ್ಕೆಟ್ಟಾ: ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಹಸಿ ಟೊಮೆಟೊ, ಆಲಿವ್ ಎಣ್ಣೆ. ಗರಿಗರಿ ಇರುತ್ತೆ, ಮಾವನ ಹಲ್ಲಿಗೆ ಕಷ್ಟ.

ಸೀಸರ್ ಸಲಾಡ್: ಬೇಡ. ನೋಡೋಕೆ ಬರೀ ಸೊಪ್ಪು, ಆದರೆ ಅದರ ಸಾಸ್‌ಗೆ ಸಾಮಾನ್ಯವಾಗಿ ಆಂಚೊವಿ ಅನ್ನೋ ಪುಟ್ಟ ಮೀನು ಹಾಕ್ತಾರೆ.

ಮಶ್ರೂಮ್ ರಿಸೊಟ್ಟೊ: ಮಾವನಿಗೆ ಇದೇ ಸರಿ. ಗುಂಡು ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಬಿಸಿ ಸ್ಟಾಕನ್ನು ಒಂದೊಂದೇ ಸೌಟು ಹಾಕಿ, ಕೈಯಾಡಿಸುತ್ತಲೇ ಬೇಯಿಸ್ತಾರೆ. ಪೊಂಗಲ್ ಹಾಗೆ ಮುದ್ದೆಯಾಗಿ ಬರುತ್ತೆ. ಸ್ಟಾಕ್ ಅಂದರೆ ನಮ್ಮ ಬಸ್ಸಾರಿನ ಕಟ್ಟು ಇದ್ದ ಹಾಗೆ, ಬೇಯಿಸಿ ಬಸಿದ ನೀರು. ಕೆಲವು ಕಡೆ ಕೋಳಿ ಮೂಳೆ ಬೇಯಿಸಿದ್ದೂ ಇರುತ್ತೆ. ಅದಕ್ಕೇ ‘ವೆಜಿಟೆಬಲ್ ಸ್ಟಾಕೇನಾ?’ ಅಂತ ಕೇಳಲೇಬೇಕು. ‘ಪಾರ್ಮೆಸಾನ್ ಬೇಡ’ ಅಂತಲೂ ಹೇಳಿ. ಅಸಲಿ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ.

ಪೆನ್ನೆ ಅರಾಬಿಯಾಟಾ: ಕೊಳವೆ ಪಾಸ್ತಾ, ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ನಿಮಗೆ ಇದು ಹಿಡಿಸುತ್ತೆ ಅತ್ತೆ. ಪಕ್ಕದಲ್ಲಿ ‘ಅಲ್ ಡೆಂಟೆ’ ಅಂತ ಇದೆಯಲ್ವಾ? ಹಲ್ಲಿಗೆ ಸಿಗುವಷ್ಟು ಗಟ್ಟಿ ಉಳಿಸಿ ಬೇಯಿಸಿದ್ದು ಅಂತ. ಬೆಂದಿಲ್ಲ ಅಂದ್ಕೋಬೇಡಿ. ಮೆತ್ತಗೆ ಬೇಕಿದ್ದರೆ ಮೊದಲೇ ಹೇಳಿ.

ತಿರಮಿಸು: ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಸಿಹಿ. ಹಸಿ ಮೊಟ್ಟೆ ಇರುತ್ತೆ, ಕೆಲವೊಮ್ಮೆ ಮದ್ಯವೂ. ಅದನ್ನು ಬಿಟ್ಟು ಫಿಲ್ಟರ್ ಕಾಫಿ ತಗೊಳ್ಳಿ.

ಏನು ತಗೊಂಡ್ರಿ ಅಂತ ಫೋಟೋ ಕಳಿಸಿ.