ಅಮ್ಮನೂ ಸೇರಿರುವ ನಿನ್ನ ಮೊದಲ ಪಾಲಿಸಿ

ತಮ್ಮಾ,

ನೀನು ಕಳಿಸಿದ ಆರೋಗ್ಯ ಸಂಜೀವಿನಿ ಪಾಲಿಸಿ ಪತ್ರವನ್ನು ನಿನ್ನೆ ಡ್ಯೂಟಿ ಮುಗಿಸಿ ಬಂದು ಪೂರ್ತಿ ಓದಿದೆ. ದಿನಾ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತು ಇಂಥವನ್ನೇ ನೋಡುತ್ತೇನೆ. ಆದರೂ ಇದರಲ್ಲಿ ನಮ್ಮ ಮನೆಯವರ ಹೆಸರಿದ್ದದ್ದಕ್ಕೆ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದೆ.

ನೀನು, ನಿನ್ನ ಹೆಂಡತಿ, ಪುಟ್ಟಿ, ಅಮ್ಮ, ನಾಲ್ವರಿಗೂ ಸೇರಿ ವರ್ಷಕ್ಕೆ 5 ಲಕ್ಷ. ತಲಾ 5 ಲಕ್ಷ ಅಂದುಕೊಳ್ಳಬೇಡ. 24 ಗಂಟೆಗೆ ಕಡಿಮೆಯಿಲ್ಲದಂತೆ ಅಡ್ಮಿಟ್ ಆದರೆ ಆ ಖರ್ಚು, ಅಡ್ಮಿಟ್ ಆಗುವ ಮುಂಚಿನ 30 ದಿನ ಮತ್ತು ಡಿಸ್ಚಾರ್ಜ್ ಆದಮೇಲಿನ 60 ದಿನದ ಅದೇ ಕಾಯಿಲೆಯ ಔಷಧಿ, ಪರೀಕ್ಷೆಗಳ ಖರ್ಚು ಬರುತ್ತದೆ. ಒಂದೇ ದಿನದಲ್ಲಿ ಮುಗಿಯುವ ಡೇ-ಕೇರ್ ಚಿಕಿತ್ಸೆಗೂ, ಅಡ್ಮಿಟ್ ಆಗಿ ಪಡೆಯುವ ಆಯುರ್ವೇದ ಚಿಕಿತ್ಸೆಗೂ ಉಂಟು. ಆಂಬ್ಯುಲೆನ್ಸಿಗೆ ಒಂದು ಸಲಕ್ಕೆ 2,000. ಪ್ರತಿ ಕ್ಲೇಮಿನಲ್ಲೂ 5% ನಿನ್ನ ಕೈಯಿಂದಲೇ ಹೋಗುತ್ತದೆ.

ಜನ ಎಡವುವುದು ರೂಮಿನ ವಿಷಯದಲ್ಲಿ. ಇದನ್ನು ನಿಧಾನವಾಗಿ ಓದು. ನಿನ್ನ ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ 5,000, ಐಸಿಯು ಆದರೆ 10,000. ನೀನು 8,000ದ ರೂಮಿನಲ್ಲಿ 4 ದಿನ ಇದ್ದೆ ಅಂತಿಟ್ಟುಕೋ. ರೂಮ್ 32,000, ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಎಲ್ಲ ಸೇರಿ 80,000, ಔಷಧಿ ಮತ್ತು ಟೆಸ್ಟ್ 40,000. ಕಂಪನಿ ರೂಮಿನದ್ದಷ್ಟೇ ಕಡಿಮೆ ಮಾಡಿ ಸುಮ್ಮನಾಗುವುದಿಲ್ಲ, ಡಾಕ್ಟರ್ ಫೀ ಮುಂತಾದ 80,000ವನ್ನೂ ಎಂಟರಲ್ಲಿ ಐದು ಭಾಗಕ್ಕೆ ಇಳಿಸುತ್ತದೆ. ಔಷಧಿ, ಟೆಸ್ಟ್ ಮಾತ್ರ ಪೂರ್ತಿ ಸಿಗುತ್ತದೆ. ಹೀಗೆ ಉಳಿಯುವ 1,10,000ದಲ್ಲಿ ನಿನ್ನ 5% ಕಳೆದು, 1,52,000ದ ಬಿಲ್ಲಿಗೆ 1,04,500 ಬಂದು, 47,500 ನೀನು ಕಟ್ಟಬೇಕಾಗುತ್ತದೆ. 5,000ದ ರೂಮಿನಲ್ಲೇ ಇದ್ದಿದ್ದರೆ ಇದೇ ಚಿಕಿತ್ಸೆಗೆ ನಿನ್ನ ಪಾಲು 7,000. ಅದಕ್ಕೇ ಅಡ್ಮಿಷನ್ ಕೌಂಟರಿನಲ್ಲಿ ಕೇಳುವ ಮೊದಲ ಮಾತೇ ಬಾಡಿಗೆಯದ್ದಾಗಿರಲಿ.

ಪಾಲಿಸಿ ಜನವರಿ 12, 2026ಕ್ಕೆ ಶುರುವಾಗಿದೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣವಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಗರ್ಭಕೋಶದ ಆಪರೇಷನ್ ಇಂಥವಕ್ಕೆ 24 ತಿಂಗಳು ಕಾಯಬೇಕು. ಪೊರೆಗೆ ಆಮೇಲೂ ಒಂದು ಕಣ್ಣಿಗೆ 40,000 ಮಾತ್ರ. ಅಪಘಾತದಿಂದಲ್ಲದ ಮಂಡಿ ಬದಲಾವಣೆಗೆ ಮತ್ತು ಮೊದಲೇ ಇದ್ದ ಕಾಯಿಲೆಗೆ 36 ತಿಂಗಳು. ಅಮ್ಮನ ಸಕ್ಕರೆ ಕಾಯಿಲೆ, ಅದರಿಂದಲೇ ಬರುವ ತೊಂದರೆಗಳು ಈ ಸಾಲಿಗೆ ಸೇರುತ್ತವೆ, ಅಂದರೆ 2029ರ ಜನವರಿವರೆಗೆ. ನಡುವೆ ಅಮ್ಮನಿಗೆ ಡೆಂಗಿ ಬಂತು ಅಂದರೆ ಅದಕ್ಕೆ ಈ ತಡೆ ಇಲ್ಲ.

ನಿನ್ನ ಅರ್ಜಿಯ ಪ್ರತಿಯಲ್ಲಿ ಅಮ್ಮನ ಸಕ್ಕರೆ ಕಾಯಿಲೆ ಬರೆದಿರುವುದು ನನಗೆ ಕಾಣಲಿಲ್ಲ. ಏಜೆಂಟರು 'ಬೇಡ ಬಿಡಿ' ಅಂದಿದ್ದರೂ ನಾಳೆಯೇ ಕಂಪನಿಗೆ ಇಮೇಲ್ ಮಾಡಿ ಆರು ವರ್ಷದಿಂದ ಇದೆ ಎಂದು ತಿಳಿಸು. ಪ್ರೀಮಿಯಂ ಸ್ವಲ್ಪ ಹೆಚ್ಚಬಹುದು, ಹೆಚ್ಚಲಿ. ಹೋದ ತಿಂಗಳು ಒಬ್ಬ ತಾಯಿಯನ್ನು ಮಗ ಕರೆತಂದಿದ್ದ. ಡಾಕ್ಟರು ಕೇಸ್ ಶೀಟಿನಲ್ಲಿ 'ಎಂಟು ವರ್ಷದಿಂದ ಸಕ್ಕರೆ' ಎಂದು ಬರೆದರು, ಅರ್ಜಿಯಲ್ಲಿ 'ಇಲ್ಲ' ಅಂತಿತ್ತು. ಕ್ಲೇಮ್ ನಿಂತುಹೋಯಿತು. ಆ ಹುಡುಗ ನನ್ನ ಟೇಬಲ್ಲಿನ ಮುಂದೆ ನಿಂತೇ ಒಬ್ಬೊಬ್ಬರಿಗೂ ಫೋನ್ ಮಾಡಿ ದುಡ್ಡು ಕೇಳುತ್ತಿದ್ದ. ನೀನು ಹಾಗೆ ನಿಲ್ಲುವುದು ನನಗೆ ಬೇಡ.

ಎಂದೂ ಬಾರದವು: ಹೆರಿಗೆ, ಬಂಜೆತನದ ಚಿಕಿತ್ಸೆ, ಅಂದಕ್ಕಾಗಿ ಮಾಡಿಸುವ ಸರ್ಜರಿ, ಕುಡಿತ ಬಿಡಿಸುವ ಚಿಕಿತ್ಸೆ, ವಿದೇಶದಲ್ಲಿ ಪಡೆದ ಚಿಕಿತ್ಸೆ, ಬರೀ ಪರೀಕ್ಷೆಗೆಂದು ಅಡ್ಮಿಟ್ ಆಗುವುದು. ಅಡ್ಮಿಟ್ ಆಗದೆ ಕ್ಲಿನಿಕ್ಕಿಗೆ ತೋರಿಸಿಕೊಂಡು ಬಂದದ್ದಕ್ಕೂ ಇಲ್ಲ.

ಕ್ಲೇಮಿಗೆ ಬಂದರೆ, ಮೊದಲೇ ಗೊತ್ತಿರುವ ಆಪರೇಷನ್ ಆದರೆ 48 ಗಂಟೆ ಮುಂಚೆ, ತುರ್ತಾದರೆ ಅಡ್ಮಿಟ್ ಆದ 24 ಗಂಟೆಯೊಳಗೆ ಕಂಪನಿಗೆ ತಿಳಿಸು. ಕಂಪನಿಯ ಜೊತೆ ಒಪ್ಪಂದವಿರುವ ನೆಟ್‌ವರ್ಕ್ ಆಸ್ಪತ್ರೆಯಾದರೆ ಹೆಲ್ತ್ ಕಾರ್ಡ್, ಆಧಾರ್ ಕೊಟ್ಟು ಕ್ಯಾಶ್‌ಲೆಸ್ ಫಾರ್ಮಿಗೆ ಸಹಿ ಮಾಡು. ಆಸ್ಪತ್ರೆಯಿಂದ ಕೋರಿಕೆ ಹೋದ ಒಂದು ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕು, ಡಿಸ್ಚಾರ್ಜಿನ ಒಪ್ಪಿಗೆಗೆ ಮೂರು ಗಂಟೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರಲ್ಲಿ ಮಾಡಿದ ನಿಯಮ ಇದು, ತಡವಾದರೆ ಧೈರ್ಯವಾಗಿ ಕೇಳು. ಬೇರೆ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿದ್ದರೆ ಡಿಸ್ಚಾರ್ಜ್ ಸಮ್ಮರಿ, ಬಿಲ್, ರಸೀದಿ, ಡಾಕ್ಟರ್ ಚೀಟಿ, ರಿಪೋರ್ಟ್ ಎಲ್ಲದರ ಮೂಲ ಪ್ರತಿಯನ್ನು 30 ದಿನದೊಳಗೆ ಕಳಿಸು. ಜೆರಾಕ್ಸ್ ಇಟ್ಟುಕೊಳ್ಳದೆ ಒಂದು ಹಾಳೆಯನ್ನೂ ಕೈಬಿಡಬೇಡ.

ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿಯೆನಿಸದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ.

ಪಾಲಿಸಿ ಇಷ್ಟವಾಗದಿದ್ದರೆ ಕೈಸೇರಿದ ದಿನದಿಂದ 30 ದಿನದೊಳಗೆ ವಾಪಸ್ ಮಾಡುವ ಅವಕಾಶವೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಇಟ್ಟುಕೋ. ಅಮ್ಮನ ಹಳೇ ಸಕ್ಕರೆ ರಿಪೋರ್ಟುಗಳೆಲ್ಲ ನನ್ನ ಬೀರುವಿನಲ್ಲಿವೆ, ಇಮೇಲಿಗೆ ಬೇಕಾಗುತ್ತವೆ. ಇವತ್ತು ರಾತ್ರಿಯೇ ಫೋಟೋ ತೆಗೆದು ಕಳಿಸುತ್ತೇನೆ.

ಅಕ್ಕ