ಹನಿ ನೀರಾವರಿ: ಮೊದಲ ಸಲ ಹಾಕಿಸುವವರಿಗೆ

(ದೃಶ್ಯ: ಹಿರಿಯಡಕದ ಹತ್ತಿರ ಒಂದು ಅಡಿಕೆ ತೋಟ. ಮಾರ್ಚ್ ತಿಂಗಳ ಬೆಳಿಗ್ಗೆ. ಕ್ಯಾಮೆರಾ ಬಾವಿಯೊಳಗೆ ಇಣುಕುತ್ತದೆ.)

ನಿರೂಪಕಿ: ನಮಸ್ಕಾರ. ಈ ಬಾವಿ ಜುಲೈಯಲ್ಲಿ ತುಂಬಿ ತುಳುಕುತ್ತಿತ್ತು. ಈಗ ತಳ ಕಾಣ್ತಾ ಉಂಟು. ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ನಿಮಗೇ ಗೊತ್ತು. ಇರುವಷ್ಟು ನೀರಿನಲ್ಲಿ ಮೇ ಕೊನೆಯವರೆಗೆ ತೋಟ ಉಳಿಯಬೇಕಲ್ಲ?

(ದೃಶ್ಯ: ಮರದ ಬುಡ. ಡ್ರಿಪ್ಪರಿನಿಂದ ತೊಟ್ಟಿಕ್ಕುವ ನೀರು.)

ಹನಿ ನೀರಾವರಿ ಅಂದರೆ ಇಷ್ಟೇ. ತೋಟವಿಡೀ ತೋಯಿಸುವ ಬದಲು ಬೇರಿಗೆ ಮಾತ್ರ ನೀರು. ಪಂಪಿನಿಂದ ಫಿಲ್ಟರ್, ಅಲ್ಲಿಂದ ಪಿವಿಸಿ ಪೈಪು, ಅದರಿಂದ ಸಾಲುಸಾಲಾಗಿ ಈ ಕಪ್ಪು ಪೈಪು, ಅದಕ್ಕೆ ಡ್ರಿಪ್ಪರ್.

ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಮರಕ್ಕೆ ಎರಡು ಇಟ್ಟರೆ, ಎರಡು ಗಂಟೆಯಲ್ಲಿ 16 ಲೀಟರ್. 200 ಮರಕ್ಕೆ 3,200 ಲೀಟರ್ ಆಯಿತು. ನಿಮ್ಮ ಬಾವಿ ಅಷ್ಟು ಕೊಡುತ್ತದೋ ಅಂತ ಪೈಪು ತರುವ ಮೊದಲೇ ನೋಡಿಕೊಳ್ಳಿ. ಕೊಡದಿದ್ದರೆ ತೋಟವನ್ನು ಎರಡು ಭಾಗ ಮಾಡಿ, ವಾಲ್ವ್ ಇಟ್ಟು ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಬಾವಿಗೆ ಊಟೆ ಬರಲಿ.

ಡ್ರಿಪ್ಪರನ್ನು ಬುಡಕ್ಕೆ ತಾಗಿಸಬೇಡಿ. ಎರಡಡಿಯಷ್ಟು ದೂರ, ಎರಡು ಬದಿಯಲ್ಲಿ ಇರಲಿ. ಮೇಲೆ ಒಣ ಸೋಗೆ ಮುಚ್ಚಿ.

(ದೃಶ್ಯ: ತೋಟದ ಅಕ್ಕ ಫಿಲ್ಟರ್ ಬಿಚ್ಚುತ್ತಾರೆ. ಒಳಗೆ ಕೆಂಪು ಕೆಸರು.)

ನಿರೂಪಕಿ: ಅಕ್ಕ, ಇದೆಂತದು?

ಅಕ್ಕ: ನಮ್ಮ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ ಮಾರಾಯ್ತಿ. ಮೊದಲನೇ ವರ್ಷ ನಾನು ತೊಳೆಯಲೇ ಇಲ್ಲ. ಏಪ್ರಿಲಿಗೆ ಮೂರು ಸಾಲು ಮರದ ಸೋಗೆ ಹಳದಿ! ಮೇಲಿಂದ ಪೈಪು ಚಂದ, ಒಳಗೆ ಕಟ್ಟಿಹೋಗಿತ್ತು. ಈಗ ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು. ಹದಿನೈದು ದಿನಕ್ಕೊಮ್ಮೆ ಪ್ರತಿ ಸಾಲಿನ ತುದಿಯ ಮುಚ್ಚಳ ತೆಗೆದು, ಕೆಂಪು ನೀರು ಹೋಗಿ ತಿಳಿ ನೀರು ಬರುವವರೆಗೆ ಪಂಪ್ ಬಿಡುವುದು.

ನಿರೂಪಕಿ: ಹನಿ ಸರಿಯಾಗಿ ಬೀಳ್ತದಾ ಅಂತ ಹೇಗೆ ಗೊತ್ತಾಗ್ತದೆ?

ಅಕ್ಕ: ಒಂದು ಲೀಟರಿನ ಬಾಟಲಿ ಇಡು. ಕಾಲು ಗಂಟೆಯಲ್ಲಿ ತುಂಬಬೇಕು. ಸಾಲಿನ ಮೊದಲ ಮರದಲ್ಲಿ ಒಮ್ಮೆ, ಕಡೇ ಮರದಲ್ಲಿ ಒಮ್ಮೆ. ಕಡೆಯದ್ದು ತುಂಬದಿದ್ದರೆ ಎಲ್ಲೋ ಕಟ್ಟಿದೆ, ಇಲ್ಲ ಇಲಿ ಕಚ್ಚಿದೆ.

(ದೃಶ್ಯ: ಪಹಣಿ ಪತ್ರ ಹಿಡಿದ ಕೈ.)

ನಿರೂಪಕಿ: ಹನಿ ನೀರಾವರಿಗೆ ಸರ್ಕಾರದ ಸಹಾಯಧನ ಉಂಟು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ತಾಲೂಕಿನ ತೋಟಗಾರಿಕೆ ಇಲಾಖೆಗೆ ಹೋಗಿ ವಿಚಾರಿಸಿ. ಆದರೆ ಮೊದಲೇ ಸಾಮಾನು ಖರೀದಿಸಿ ಆಮೇಲೆ ಬಿಲ್ಲು ಹಿಡಿದು ಹೋಗಬೇಡಿ. ಮೊದಲು ಅರ್ಜಿ.

ಅಕ್ಕ: ಮತ್ತೆ, ಮಳೆ ಹಿಡಿಯುವ ಮೊದಲು ಸಾಲಿನ ಪೈಪು ಸುತ್ತಿ ಮರಕ್ಕೆ ಕಟ್ಟಿಡಿ. ಇಲ್ಲದಿದ್ದರೆ ಹುಲ್ಲು ಕೊಚ್ಚುವ ಮೆಷಿನ್ನಿಗೆ ಸಿಕ್ಕಿ ತುಂಡಾಗ್ತದೆ. ನಮ್ಮದು ಎರಡು ಸಲ ಆಯ್ತು.